ಒಂದೊಂದು ಐಟಂಗೂ ನಾಲ್ಕು ಸೆಕೆಂಡ್ ಹಿಡಿಯುತ್ತಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್: ಆಗಿದ್ದೇನು, ಸರಿ ಮಾಡಿದ್ದೇನು?

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದು ಪ್ರಾವಿಷನ್ ಸ್ಟೋರ್ ಸರ್, ಎರಡು ಕೌಂಟರ್. ನಾಲ್ಕು ವರ್ಷದಿಂದ ಒಂದೇ ಬಿಲ್ಲಿಂಗ್ ಸಾಫ್ಟ್‌ವೇರ್. ಮೊದಲ ಎರಡು ವರ್ಷ ಚೆನ್ನಾಗಿತ್ತು, ಆಮೇಲೆ ಎಳೆಯೋಕೆ ಶುರುವಾಯ್ತು. ಎಸ್.ಪಿ. ರೋಡಿಂದ ರ್ಯಾಮ್ ತಂದು 8 ಜಿಬಿ ಮಾಡಿಸಿದೆ, ಏನೂ ಉಪಯೋಗ ಆಗಲಿಲ್ಲ. ಕೊನೆಗೆ ಸರ್ವಿಸ್ ಹುಡುಗ ಬಂದು ಅರ್ಧ ಗಂಟೆಯಲ್ಲಿ ಏನೋ ಮಾಡಿ ಹೋದ, ಈಗ ಫಟ್ ಅಂತ ಬರುತ್ತೆ. ಚೀಟಿಯಲ್ಲಿ "bill_items ಟೇಬಲ್‌ಗೆ ಇಂಡೆಕ್ಸ್ ಹಾಕಿದೆ (item_id, qty)" ಅಂತ ಮಾತ್ರ ಬರೆದಿದ್ದಾನೆ. ಅವನು ತೆಗೆದ ಸ್ಕ್ರೀನ್ ಫೋಟೋಗಳನ್ನೂ ಕಳಿಸಿದ್ದೇನೆ. ಹಳೇ ಬಿಲ್‌ಗಳನ್ನು ಅಳಿಸಿಬಿಟ್ಟನಾ? ಮತ್ತೆ ನಿಧಾನ ಆಗುತ್ತಾ?

ಉತ್ತರ:

ಮೊದಲು ನಿಮಗೆ ಚಿಂತೆ ಹತ್ತಿಸಿರುವ ವಿಷಯ. ಇಂಡೆಕ್ಸ್ ಅಂದರೆ ಬೇಗ ಹುಡುಕೋಕೆ ಅಂತ ಪಕ್ಕದಲ್ಲಿ ಮಾಡಿಟ್ಟುಕೊಳ್ಳುವ ಇನ್ನೊಂದು ಪಟ್ಟಿ, ಅದನ್ನು ಹಾಕಿದರೆ ಒಂದೇ ಒಂದು ಬಿಲ್ಲೂ ಅಳಿಸಿಹೋಗುವುದಿಲ್ಲ, ಒಂದು ಪೈಸೆಯೂ ಬದಲಾಗುವುದಿಲ್ಲ. ನಿಮಗೇ ಕಣ್ಣಾರೆ ನೋಡಬೇಕು ಅಂದರೆ ಎರಡು ಮೂರು ವರ್ಷ ಹಿಂದಿನ ಯಾವುದಾದರೂ ಒಂದು ತಿಂಗಳ ಸೇಲ್ಸ್ ರಿಪೋರ್ಟ್ ತೆಗೆಯಿರಿ. ಆ ತಿಂಗಳಿಗೆ ನಿಮ್ಮ ಆಡಿಟರ್ ಸಲ್ಲಿಸಿದ ಜಿಎಸ್‌ಟಿಆರ್-1ರ ಮೊತ್ತದ ಜೊತೆ ಹೋಲಿಸಿ. ಎರಡೂ ತಾಳೆಯಾದರೆ ಮುಗಿಯಿತು, ನಿಮ್ಮ ಹಳೇ ಲೆಕ್ಕ ಹಾಗೇ ಇದೆ.

ಈಗ ನಿಧಾನ ಆಗಿದ್ದು ಯಾಕೆ ಅಂತ ನೋಡೋಣ. ನೀವು ಕಳಿಸಿದ ಫೋಟೋಗಳಲ್ಲಿ ಉತ್ತರ ಪೂರ್ತಿ ಇದೆ.

ನಿಮ್ಮ ಬಿಲ್ಲಿಂಗ್ ಸ್ಕ್ರೀನ್‌ನಲ್ಲಿ ಐಟಂ ಸ್ಕ್ಯಾನ್ ಮಾಡಿದ ಕೂಡಲೇ ರೇಟಿನ ಪಕ್ಕದಲ್ಲಿ "ಸ್ಟಾಕ್: 38" ಅಂತ ಒಂದು ಅಂಕಿ ಬರುತ್ತೆ, ಅಲ್ವಾ? ಫೋಟೋದಲ್ಲೂ ಕಾಣಿಸುತ್ತಿದೆ. ಎಲ್ಲ ತೊಂದರೆಯ ಮೂಲ ಆ ಅಂಕಿ. ಅದನ್ನು ಸಾಫ್ಟ್‌ವೇರ್ ಎಲ್ಲೂ ಬರೆದಿಟ್ಟುಕೊಂಡಿಲ್ಲ. ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತೆ: ಇಲ್ಲಿಯವರೆಗೆ ಕೊಂಡಿದ್ದು ಎಷ್ಟು, ಅದರಲ್ಲಿ ಇಲ್ಲಿಯವರೆಗೆ ಮಾರಿದ್ದು ಎಷ್ಟು ಕಳೆಯಬೇಕು, ಉಳಿದಿದ್ದು ಎಷ್ಟು. ಕೊಂಡಿದ್ದರ ಲೆಕ್ಕ ಚಿಕ್ಕದು, ಅದು ಬೇಗ ಮುಗಿಯುತ್ತೆ. ಮಾರಿದ್ದರ ಲೆಕ್ಕಕ್ಕೆ, ಬಿಲ್ಲುಗಳನ್ನೆಲ್ಲ ಇಟ್ಟುಕೊಂಡಿರುವ ಡೇಟಾಬೇಸಿಗೆ ಹೋಗುವ ಪ್ರಶ್ನೆ ಇದು:

```sql
SELECT SUM(qty) FROM bill_items WHERE item_id = 1187;
```

ಅಂದರೆ, 1187ನೇ ನಂಬರಿನ ಐಟಂ ಇದುವರೆಗೆ ಒಟ್ಟು ಎಷ್ಟು ಮಾರಾಟ ಆಗಿದೆ ಕೂಡಿಸಿ ಹೇಳು ಅಂತ. ನೋಡೋಕೆ ಒಂದೇ ಸಾಲು. ಇದಕ್ಕೆ ಉತ್ತರ ಹೇಳೋಕೆ ಡೇಟಾಬೇಸ್ ಎಷ್ಟು ಓದಬೇಕು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ನಿಮ್ಮ ಹಿರಿಯರ ಕಾಲದ ಕಿರ್ದಿ ಪುಸ್ತಕ, ಖಾತೆ ಪುಸ್ತಕ ನಿಮಗೆ ಗೊತ್ತೇ ಇರುತ್ತೆ. ಕಿರ್ದಿಯಲ್ಲಿ ವ್ಯವಹಾರ ನಡೆದ ಹಾಗೇ ದಿನದ ಕ್ರಮದಲ್ಲಿ ಬರೆಯುತ್ತಾ ಹೋಗುತ್ತಾರೆ. ಖಾತೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಪುಟ. bill_items ಅನ್ನುವ ಟೇಬಲ್ ಥೇಟ್ ಕಿರ್ದಿ. ಯಾವ ಬಿಲ್‌ನ ಯಾವ ಸಾಲು ಮೊದಲು ಬಂತೋ ಅದು ಮೊದಲು, ಆಮೇಲೆ ಬಂದಿದ್ದು ಆಮೇಲೆ. ಈಗ ಯಾರಾದರೂ ಬಂದು "ನಾಲ್ಕು ವರ್ಷದಲ್ಲಿ ಒಟ್ಟು ಎಷ್ಟು ಪ್ಯಾಕೆಟ್ ಗೋಪಿಚಂದನ ಮಾರಿದ್ದೀರಿ" ಅಂತ ಕೇಳಿದರೆ, ಬರೀ ಕಿರ್ದಿ ಇಟ್ಟುಕೊಂಡು ಉತ್ತರ ಹೇಳೋಕೆ ಮೊದಲ ಪುಟದಿಂದ ಕೊನೇ ಪುಟದವರೆಗೂ ಒಂದು ಸಾಲೂ ಬಿಡದೆ ಓದಬೇಕು. ಗೋಪಿಚಂದನ ಮಾರಿದ್ದು ಇಪ್ಪತ್ತೇ ಸಲ ಆಗಿದ್ದರೂ ಅಷ್ಟನ್ನೂ ಓದಲೇಬೇಕು, ಯಾಕೆಂದರೆ ಇಪ್ಪತ್ತೊಂದನೇದು ಎಲ್ಲೋ ಇರಬಹುದು. ನಿಮ್ಮ ಡೇಟಾಬೇಸ್ ಮಾಡುತ್ತಿದ್ದಿದ್ದು ಅದನ್ನೇ. ಒಂದು ಸಲ ಅಲ್ಲ, ಪ್ರತಿ ಸ್ಕ್ಯಾನ್‌ಗೂ.

ಇದು ನನ್ನ ಊಹೆಯ ಮಾತಲ್ಲ. ಹುಡುಗ ತೆಗೆದ ಮೊದಲ ಫೋಟೋ ನೋಡಿ, ಅದರಲ್ಲಿ ಈ ಸಾಲಿದೆ:

```
# Query_time: 3.412  Rows_sent: 1  Rows_examined: 2163480
```

ಡೇಟಾಬೇಸ್ ತನಗೆ ಜಾಸ್ತಿ ಹೊತ್ತು ಹಿಡಿದ ಪ್ರಶ್ನೆಗಳನ್ನು ಒಂದು ಫೈಲಿನಲ್ಲಿ ಬರೆದಿಡುತ್ತೆ, ಅದರಿಂದ ತೆಗೆದಿದ್ದು ಇದು. ಹಿಡಿದ ಹೊತ್ತು 3.4 ಸೆಕೆಂಡ್. ಕೊಟ್ಟ ಉತ್ತರ ಒಂದೇ ಸಾಲು. ಅದಕ್ಕಾಗಿ ಓದಿದ್ದು 21 ಲಕ್ಷದ 63 ಸಾವಿರ ಚಿಲ್ಲರೆ ಸಾಲು. ಕೊಟ್ಟಿದ್ದು ಒಂದು, ಓದಿದ್ದು ಲಕ್ಷಗಟ್ಟಲೆ ಅಂತ ಕಂಡರೆ ರೋಗ ಇಂಥದ್ದೇ ಅಂತ ಹೇಳಿಬಿಡಬಹುದು. ಅಷ್ಟು ಸಾಲು ಎಲ್ಲಿಂದ ಬಂತು ಅಂದರೆ, ದಿನಕ್ಕೆ ಸುಮಾರು 250 ಬಿಲ್, ಬಿಲ್‌ಗೆ ಸರಾಸರಿ ಆರು ಐಟಂ ಅಂತ ಹಿಡಿದರೆ ದಿನಕ್ಕೆ 1,500 ಸಾಲು, ವರ್ಷಕ್ಕೆ ಐದೂವರೆ ಲಕ್ಷದ ಹತ್ತಿರ. ನಾಲ್ಕು ವರ್ಷಕ್ಕೆ ಸರಿಯಾಗಿ ಅಲ್ಲಿಗೇ ಬರುತ್ತೆ.

ಇಲ್ಲಿ ಆ ಹುಡುಗನ ಬಗ್ಗೆ ಒಂದು ಒಳ್ಳೇ ಮಾತು ಹೇಳಲೇಬೇಕು. ನಿಮ್ಮ ಸಾಫ್ಟ್‌ವೇರ್ ಬಳಸುವ ಡೇಟಾಬೇಸ್‌ನ ಹೆಸರು ಮೈಎಸ್‌ಕ್ಯೂಎಲ್. ಅದರಲ್ಲಿ ಈ ನಿಧಾನದ ಪಟ್ಟಿ ಸಾಮಾನ್ಯವಾಗಿ ಆಫ್ ಆಗಿರುತ್ತೆ. ಆನ್ ಮಾಡಿದರೂ 10 ಸೆಕೆಂಡಿಗಿಂತ ಜಾಸ್ತಿ ಹಿಡಿದಿದ್ದನ್ನು ಮಾತ್ರ ಬರೆಯುತ್ತೆ. ನಿಮ್ಮದು ಮೂರೂವರೆ ಸೆಕೆಂಡ್, ಅದರ ಲೆಕ್ಕದಲ್ಲಿ ಅದು ನಿಧಾನವೇ ಅಲ್ಲ. ತುಂಬಾ ಜನ ಆನ್ ಮಾಡಿ, ಪಟ್ಟಿ ಖಾಲಿ ಇರುವುದು ನೋಡಿ, "ಡೇಟಾಬೇಸ್ ಸರಿ ಇದೆ, ಕಂಪ್ಯೂಟರೇ ಹಳೇದು, ಹೊಸದು ತಗೊಳ್ಳಿ" ಅಂತ ಹೇಳಿ ಹೋಗುತ್ತಾರೆ. ಇವನು ಆ ಮಿತಿಯನ್ನು 1 ಸೆಕೆಂಡಿಗೆ ಇಳಿಸಿ, ಬಿಲ್ಲಿಂಗ್ ಸಾಫ್ಟ್‌ವೇರನ್ನು ಒಂದು ಸಲ ಮುಚ್ಚಿ ತೆಗೆದು, ಆಮೇಲೆ ನೋಡಿದ್ದಾನೆ. ಮುಚ್ಚಿ ತೆಗೆಯದಿದ್ದರೆ ಹಳೇ ಕನೆಕ್ಷನ್‌ಗೆ ಹೊಸ ಮಿತಿ ಹತ್ತುವುದಿಲ್ಲ. ಕೆಲಸ ಗೊತ್ತಿರುವವನು.

ಹಾಗಾದರೆ ಮೊದಲ ಎರಡು ವರ್ಷ ಯಾಕೆ ಚೆನ್ನಾಗಿತ್ತು? ಆಗಲೂ ಇದೇ ಪ್ರಶ್ನೆ, ಆಗಲೂ ಮೊದಲಿಂದ ಕೊನೇವರೆಗೂ ಓದೋದೇ. ಸಾಲು ಕಡಿಮೆ ಇತ್ತು ಅನ್ನುವುದು ಅರ್ಧ ಉತ್ತರ. ಇನ್ನರ್ಧ ಉತ್ತರದಲ್ಲೇ ನಿಮ್ಮ ರ್ಯಾಮ್ ಕಥೆ ಇದೆ.

ಮೈಎಸ್‌ಕ್ಯೂಎಲ್ ಓದಿದ ಡೇಟಾವನ್ನು ರ್ಯಾಮ್‌ನಲ್ಲಿ ತನ್ನದೇ ಒಂದು ಜಾಗದಲ್ಲಿ ಇಟ್ಟುಕೊಳ್ಳುತ್ತೆ, ಮತ್ತೆ ಬೇಕಾದಾಗ ಹಾರ್ಡ್ ಡಿಸ್ಕ್‌ಗೆ ಹೋಗದೆ ಅಲ್ಲಿಂದಲೇ ತೆಗೆಯುತ್ತೆ. ಆ ಜಾಗಕ್ಕೆ ಬಫರ್ ಪೂಲ್ ಅಂತಾರೆ. ಯಾರೂ ಬದಲಿಸದಿದ್ದರೆ ಅದರ ಅಳತೆ 128 ಎಂಬಿ, ಅಷ್ಟೇ. ನಿಮ್ಮ ಬಿಲ್ ಸಾಲು ಒಂದೊಂದೂ ಐಟಂ ಹೆಸರು, ಎಚ್‌ಎಸ್‌ಎನ್ ಕೋಡ್, ರೇಟು, ತೆರಿಗೆ ಎಲ್ಲ ಸೇರಿ ಸುಮಾರು ನೂರು ಬೈಟ್ ಅಂತ ಇಟ್ಟುಕೊಳ್ಳಿ. ಹತ್ತು ಲಕ್ಷ ಸಾಲು ಅಂದರೆ 100 ಎಂಬಿ. ಎರಡು ವರ್ಷದ ಹೊತ್ತಿಗೆ ಅಷ್ಟಿತ್ತು, ಪೂರ್ತಿ ಟೇಬಲ್ ರ್ಯಾಮ್‌ನಲ್ಲೇ ಕೂತಿತ್ತು, ಮೊದಲಿಂದ ಕೊನೇವರೆಗೂ ಓದಿದರೂ ಅರ್ಧ ಸೆಕೆಂಡಿನ ಆಸುಪಾಸಲ್ಲಿ ಮುಗಿಯುತ್ತಿತ್ತು. ಅಷ್ಟು ತಡ ಕೌಂಟರ್‌ನಲ್ಲಿ ಯಾರಿಗೂ ಗೊತ್ತಾಗಲ್ಲ, ಕೈ ಮುಂದಿನ ಪ್ಯಾಕೆಟ್ ಎತ್ತಿಕೊಳ್ಳೋಕೆ ಅಷ್ಟು ಹೊತ್ತು ಬೇಕೇ ಬೇಕು. ಟೇಬಲ್ 128 ಎಂಬಿ ದಾಟಿದ ಮೇಲೆ ಪೂರ್ತಿ ಅದರಲ್ಲಿ ಹಿಡಿಸುವುದಿಲ್ಲ. ಹೊಸ ಭಾಗ ಒಳಗೆ ಬರಬೇಕಾದರೆ ಹಳೇ ಭಾಗ ಹೊರಗೆ ಹೋಗಬೇಕು. ಮುಂದಿನ ಸ್ಕ್ಯಾನ್‌ಗೆ ಆ ಹಳೇ ಭಾಗವೇ ಬೇಕು, ಮತ್ತೆ ಡಿಸ್ಕ್‌ನಿಂದ ಓದಬೇಕು. ಹೀಗೆ ನಿಮ್ಮ ಕಂಪ್ಯೂಟರ್ ಪ್ರತಿ ಐಟಂಗೂ ಡಿಸ್ಕ್ ಕೆರೆಯುತ್ತಾ ಕೂತಿತ್ತು.

ಈಗ ರ್ಯಾಮ್ ವಿಷಯ. 4 ಜಿಬಿ ಇದ್ದಿದ್ದನ್ನು 8 ಮಾಡಿಸಿದಿರಿ, ಸರಿ. ಆದರೆ ಮೈಎಸ್‌ಕ್ಯೂಎಲ್‌ಗೆ ಯಾರೂ ಅದನ್ನು ಹೇಳಲಿಲ್ಲ. ಅದು ಮೊದಲಿನ ಹಾಗೇ ತನ್ನ 128 ಎಂಬಿಯಲ್ಲೇ ಕೂತಿತ್ತು, ನೀವು ದುಡ್ಡು ಕೊಟ್ಟು ತಂದ ರ್ಯಾಮ್ ಸುಮ್ನೆ ಪಕ್ಕದಲ್ಲಿತ್ತು. ವಿಂಡೋಸ್ ಉಳಿದ ಮೆಮೊರಿಯಲ್ಲಿ ಫೈಲುಗಳನ್ನು ಇಟ್ಟುಕೊಂಡು ಸಹಾಯ ಮಾಡಬಹುದಿತ್ತಲ್ಲ ಅಂದರೆ, ವಿಂಡೋಸ್ ಮೇಲೆ ಮೈಎಸ್‌ಕ್ಯೂಎಲ್ ಆ ದಾರಿಯನ್ನು ಬಿಟ್ಟು ನೇರ ಡಿಸ್ಕ್‌ನಿಂದಲೇ ಓದುತ್ತೆ. ಹಾಗಾಗಿ ಆ ಸಹಾಯವೂ ಸಿಗಲಿಲ್ಲ.

ಸಂಜೆ ಹೊತ್ತು ತೊಂದರೆ ಜಾಸ್ತಿ ಆಗಿದ್ದರೆ ಅದಕ್ಕೂ ಕಾರಣ ಇದೇ. ಎರಡು ಕೌಂಟರೂ ಒಟ್ಟಿಗೆ ಸ್ಕ್ಯಾನ್ ಮಾಡಿದಾಗ ಒಂದೇ ಡಿಸ್ಕ್ ಮೇಲೆ ಎರಡು ಓದು ನಡೆಯುತ್ತೆ. ಎರಡೂ ಟೇಬಲ್‌ನ ಬೇರೆ ಬೇರೆ ಕಡೆ ಇರುತ್ತವೆ. ಹಾರ್ಡ್ ಡಿಸ್ಕ್‌ನ ಮುಳ್ಳು ಅಲ್ಲಿಗೂ ಇಲ್ಲಿಗೂ ಓಡಾಡಬೇಕು, ಹೊತ್ತು ಎರಡರಷ್ಟಕ್ಕಿಂತಲೂ ಜಾಸ್ತಿ ಆಗುತ್ತೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ, ಕಡಲೆಕಾಯಿ ಪರಿಷೆಯ ದಿನ ಗ್ರಾಹಕರು ಸಾಲುಗಟ್ಟಿ ನಿಂತಿದ್ದಾಗ ಹತ್ತು ಐಟಮಿನ ಒಂದು ಬಿಲ್ಲಿಗೆ ಎಷ್ಟು ಹೊತ್ತು ಹಿಡಿದಿರಬಹುದು ಅಂತ ನೀವೇ ಲೆಕ್ಕ ಹಾಕಿ.

ಈಗ ಮಾಡಿದ್ದು ಏನು? ಕಿರ್ದಿಯ ಜೊತೆಗೆ ಖಾತೆಯನ್ನೂ ತೆರೆಸಿದ್ದಾನೆ. ಆಜ್ಞೆ ಇಷ್ಟೇ:

```sql
CREATE INDEX idx_item_qty ON bill_items (item_id, qty);
```

ಇದನ್ನು ಕೊಟ್ಟಾಗ ಡೇಟಾಬೇಸ್ 21 ಲಕ್ಷ ಸಾಲನ್ನೂ ಒಂದು ಸಲ ಓದಿ, ಐಟಂ ನಂಬರಿನ ಕ್ರಮದಲ್ಲಿ ಜೋಡಿಸಿದ ಇನ್ನೊಂದು ಚಿಕ್ಕ ಪಟ್ಟಿ ಮಾಡಿಕೊಳ್ಳುತ್ತೆ. ಅದರಲ್ಲಿ 1187 ಅನ್ನುವ ಐಟಂನ ಎಲ್ಲ ಮಾರಾಟಗಳೂ ಒಂದೇ ಕಡೆ ಸಾಲಾಗಿ ಇರುತ್ತವೆ. ಇನ್ನು ಮೇಲೆ ಅದೇ ಪ್ರಶ್ನೆ ಬಂದರೆ ನೇರ 1187 ಇರುವ ಜಾಗಕ್ಕೆ ಹೋಗಿ, ಅಲ್ಲಿರುವುದನ್ನು ಮಾತ್ರ ಕೂಡಿಸಿ, 1188 ಕಂಡ ತಕ್ಷಣ ನಿಲ್ಲಿಸುತ್ತೆ. ಎರಡನೇ ಫೋಟೋದಲ್ಲಿ ಮೊದಲು ಮತ್ತು ಆಮೇಲಿನ ವ್ಯತ್ಯಾಸ ಇದೆ:

```
type: ALL  key: NULL          rows: 2158902
type: ref  key: idx_item_qty  rows: 514  Extra: Using index
```

ಇದು EXPLAIN ಅಂತ ಕೇಳಿದಾಗ ಡೇಟಾಬೇಸ್ ಹೇಳುವ ಉತ್ತರ: ಈ ಪ್ರಶ್ನೆಗೆ ನಾನು ಯಾವ ದಾರಿಯಲ್ಲಿ ಹೋಗುತ್ತೇನೆ ಅಂತ. ALL ಅಂದರೆ ಎಲ್ಲ ಸಾಲೂ ಓದುತ್ತೇನೆ. key: NULL ಅಂದರೆ ಹಿಡಿದು ಹೋಗೋಕೆ ಯಾವ ಇಂಡೆಕ್ಸೂ ಇಲ್ಲ. ಎರಡನೇ ಸಾಲಿನಲ್ಲಿ ಇಂಡೆಕ್ಸ್ ಹೆಸರು ಬಂದಿದೆ, ಓದಬೇಕಾದ ಸಾಲು ಐನೂರರ ಹತ್ತಿರಕ್ಕೆ ಇಳಿದಿದೆ. ಇಲ್ಲಿಯ ಅಂಕಿ ಅಂದಾಜಿನದು, ಅದಕ್ಕೇ ಮೊದಲ ಫೋಟೋದ 2163480 ಜೊತೆ ಸರಿಯಾಗಿ ಹೊಂದುವುದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಚೀಟಿಯಲ್ಲಿ item_id ಜೊತೆ qty ಅಂತಲೂ ಇದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ನನಗೆ ಮೆಚ್ಚುಗೆಯಾಗಿದ್ದು ಅದು. ಬರೀ item_id ಮೇಲೆ ಇಂಡೆಕ್ಸ್ ಹಾಕಿದ್ದರೂ ಗೋಪಿಚಂದನ ಫಟ್ ಅಂತ ಬರುತ್ತಿತ್ತು. ಆದರೆ ಸಕ್ಕರೆ? ದಿನಕ್ಕೆ ಮೂವತ್ತು ಬಿಲ್‌ನಲ್ಲಿ ಸಕ್ಕರೆ ಇದ್ದರೆ ನಾಲ್ಕು ವರ್ಷಕ್ಕೆ ನಲವತ್ತು ಸಾವಿರದ ಮೇಲೆ ಸಾಲು. ಬರೀ item_id ಇರುವ ಇಂಡೆಕ್ಸ್ "ಸಕ್ಕರೆಯ ಸಾಲುಗಳು ಇಲ್ಲಿಲ್ಲಿವೆ" ಅಂತ ಗುರುತು ಮಾತ್ರ ಹೇಳುತ್ತೆ. ಎಷ್ಟು ಕೆಜಿ ಅಂತ ನೋಡೋಕೆ ಒಂದೊಂದಕ್ಕೂ ಮತ್ತೆ ಮೂಲ ಟೇಬಲ್‌ಗೆ ಹೋಗಿ ಬರಬೇಕು. ಆ ಸಾಲುಗಳು ನಾಲ್ಕು ವರ್ಷದ ಉದ್ದಕ್ಕೂ ಚದುರಿ ಬಿದ್ದಿವೆ. ನಲವತ್ತು ಸಾವಿರ ಸಲ ಹೋಗಿ ಬರೋದು ಕೆಲವು ಸಲ ಪೂರ್ತಿ ಟೇಬಲ್ ಓದೋದಕ್ಕಿಂತಲೂ ನಿಧಾನ. qty ಇಂಡೆಕ್ಸ್ ಒಳಗೇ ಇದ್ದರೆ ಮೂಲ ಟೇಬಲ್ ಕಡೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಫೋಟೋದಲ್ಲಿ Using index ಅಂತ ಇರುವುದರ ಅರ್ಥ ಅದೇ. ಅಂಗಡಿಯಲ್ಲಿ ಜಾಸ್ತಿ ಓಡುವ ಐಟಂಗಳೇ ಜಾಸ್ತಿ ಸಲ ಸ್ಕ್ಯಾನ್ ಆಗೋದು. ಅವು ನಿಧಾನ ಉಳಿದಿದ್ದರೆ ಮಾಡಿದ ಕೆಲಸದ ಅರ್ಧ ಲಾಭ ನೀರಲ್ಲಿ ಹೋಗುತ್ತಿತ್ತು.

ಇದರಿಂದ ನೀವೇ ಮಾಡಬಹುದಾದ ಒಂದು ಪರೀಕ್ಷೆಯೂ ಸಿಗುತ್ತೆ. ಮುಂದೆ ಯಾವತ್ತಾದರೂ ನಿಧಾನ ಅನ್ನಿಸಿದರೆ, ಅಂಗಡಿ ಖಾಲಿ ಇರುವ ಹೊತ್ತಲ್ಲಿ ವರ್ಷಕ್ಕೆ ನಾಲ್ಕು ಸಲ ಮಾರುವ ಒಂದು ಐಟಂ ಸ್ಕ್ಯಾನ್ ಮಾಡಿ, ಆಮೇಲೆ ಸಕ್ಕರೆ ಸ್ಕ್ಯಾನ್ ಮಾಡಿ. ಎರಡಕ್ಕೂ ಒಂದೇ ಹೊತ್ತು ಹಿಡಿದು ಎರಡೂ ನಿಧಾನ ಆಗಿದ್ದರೆ, ಪೂರ್ತಿ ಟೇಬಲ್ ಓದುತ್ತಿದೆ, ಇಂಡೆಕ್ಸ್ ಹೋಗಿದೆ ಅಂತ ಮೊದಲ ಅನುಮಾನ. ಮಾರದ ಐಟಂ ಬೇಗ ಬಂದು ಸಕ್ಕರೆ ಮಾತ್ರ ತಡವಾದರೆ ಇಂಡೆಕ್ಸ್ ಇದೆ, qty ಬಿಟ್ಟುಹೋಗಿದೆ. ಎರಡೂ ಬೇಗ ಬಂದು ಪ್ರಿಂಟ್ ಆಗೋಕೆ ಮಾತ್ರ ತಡ ಆದರೆ ಡೇಟಾಬೇಸನ್ನು ಬಿಡಿ, ಪ್ರಿಂಟರ್ ಕಡೆ ನೋಡಿ. ಇಷ್ಟು ಫೋನ್‌ನಲ್ಲಿ ಹೇಳಿದರೆ ಸರ್ವಿಸ್‌ನವರ ಅರ್ಧ ಕೆಲಸ ಮುಗಿಯುತ್ತೆ.

ಇಂಡೆಕ್ಸ್‌ಗೆ ಬೆಲೆ ಇಲ್ಲವೇ ಅಂದರೆ ಇದೆ, ನಿಮ್ಮ ಮಟ್ಟಿಗೆ ಚಿಕ್ಕದು. ಡಿಸ್ಕ್‌ನಲ್ಲಿ ಐವತ್ತು ಅರವತ್ತು ಎಂಬಿ ಜಾಗ ಹಿಡಿದಿರುತ್ತೆ. ಬಿಲ್ ಸೇವ್ ಆಗುವಾಗ ಪ್ರತಿ ಸಾಲನ್ನೂ ಟೇಬಲ್‌ನಲ್ಲಿ ಒಂದು ಸಲ, ಇಂಡೆಕ್ಸ್‌ನಲ್ಲಿ ಒಂದು ಸಲ ಬರೆಯಬೇಕು. ಆರು ಸಾಲಿನ ಬಿಲ್‌ಗೆ ಅದು ಕಣ್ಣಿಗೆ ಕಾಣುವ ಹೊತ್ತೇ ಅಲ್ಲ. ಹಾಗಂತ ಸಿಕ್ಕಸಿಕ್ಕ ಕಾಲಂಗೆಲ್ಲ ಇಂಡೆಕ್ಸ್ ಹಾಕಿಸಬೇಡಿ, ಬರೆಯುವ ಕೆಲಸ ಒಂದೊಂದಕ್ಕೂ ಹೆಚ್ಚುತ್ತಾ ಹೋಗುತ್ತೆ. ಮತ್ತೆ ಈ ಇಂಡೆಕ್ಸ್ ಐಟಂ ಹಿಡಿದು ಕೇಳುವ ಪ್ರಶ್ನೆಗೆ ಮಾತ್ರ ಕೆಲಸ ಮಾಡುತ್ತೆ. ತಿಂಗಳ ಸೇಲ್ಸ್ ರಿಪೋರ್ಟ್ ತಾರೀಕು ಹಿಡಿದು ಹುಡುಕುತ್ತೆ, ಅದು ಮೊದಲಿನಷ್ಟೇ ನಿಧಾನ ಇದ್ದರೆ ಆಶ್ಚರ್ಯ ಬೇಡ. ಅದಕ್ಕೆ ಬೇರೆ ಇಂಡೆಕ್ಸ್ ಬೇಕು. ತಿಂಗಳಿಗೆ ಒಂದೇ ಸಲ ತೆಗೆಯುವ ರಿಪೋರ್ಟ್ ಆದರೆ ಕಾಯೋದೇ ವಾಸಿ ಅಂತ ನನ್ನ ಅಭಿಪ್ರಾಯ.

ನೀವು ತಂದ ರ್ಯಾಮ್ ಕೂಡ ವ್ಯರ್ಥ ಆಗಬೇಕಿಲ್ಲ. ಮುಂದಿನ ಸಲ ಹುಡುಗ ಬಂದಾಗ my.ini ಫೈಲಿನಲ್ಲಿ ಈ ಸಾಲನ್ನು ಬದಲಿಸಿ, ಮೈಎಸ್‌ಕ್ಯೂಎಲ್ ಸರ್ವಿಸನ್ನು ರೀಸ್ಟಾರ್ಟ್ ಮಾಡೋಕೆ ಹೇಳಿ:

```
innodb_buffer_pool_size=1G
```

8 ಜಿಬಿ ಇರುವ ಕಂಪ್ಯೂಟರ್‌ಗೆ 1 ಜಿಬಿ ಭಾರ ಅಲ್ಲ. ಆಗ ರಿಪೋರ್ಟ್‌ಗಳೂ ಸ್ವಲ್ಪ ಚುರುಕಾಗುತ್ತವೆ. ಆದರೆ ಇಂಡೆಕ್ಸ್ ಹಾಕದೆ ಇದನ್ನು ಮಾತ್ರ ಮಾಡಿದ್ದರೆ ಕಾಯಿಲೆ ಹಾಗೇ ಇರುತ್ತಿತ್ತು. ಡಿಸ್ಕ್ ಬದಲು ರ್ಯಾಮ್‌ನಲ್ಲಿ 21 ಲಕ್ಷ ಸಾಲು ಓದುತ್ತಿತ್ತು, ಸಾಲು ಬೆಳೆದಂತೆ ಮತ್ತೆ ಅದೇ ಗೋಳು.

ಮತ್ತೆ ನಿಧಾನ ಆಗುತ್ತಾ ಅಂದಿರಿ. ಈಗ ಒಂದು ಐಟಂನ ಹೊತ್ತು ಆ ಐಟಂ ಎಷ್ಟು ಸಲ ಮಾರಾಟ ಆಗಿದೆ ಅನ್ನುವುದರ ಮೇಲೆ ಮಾತ್ರ ನಿಂತಿದೆ. ಅಂಗಡಿಯ ಒಟ್ಟು ಬಿಲ್ ಎಷ್ಟಾದರೂ ಗೋಪಿಚಂದನಕ್ಕೆ ಅದರ ಬಿಸಿ ತಟ್ಟಲ್ಲ. ಸಕ್ಕರೆಯ ನಲವತ್ತು ಸಾವಿರ ಎಂಬತ್ತು ಸಾವಿರ ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ನಿಮ್ಮ ವ್ಯಾಪಾರದ ಅಳತೆಗೆ ಇನ್ನೂ ಹಲವು ವರ್ಷ ಯೋಚನೆ ಬೇಡ. ಆದರೆ ಸ್ಟಾಕ್ ತಿಳಿಯೋಕೆ ಅಂಗಡಿ ಶುರುವಾದಾಗಿನಿಂದ ಕೂಡಿಸಿಕೊಂಡು ಬರುವ ಕ್ರಮವೇ ಸರಿಯಲ್ಲ, ಅದನ್ನು ಸಾಫ್ಟ್‌ವೇರ್ ಮಾಡಿದವರು ಸರಿಪಡಿಸಬೇಕು. ನೀವು ಹೇಗೂ ಮಾರ್ಚ್ 31ಕ್ಕೆ ಸ್ಟಾಕ್ ಎಣಿಸುತ್ತೀರಿ. ಆ ಕ್ಲೋಸಿಂಗ್ ಸ್ಟಾಕನ್ನೇ ಏಪ್ರಿಲ್ 1ರ ಓಪನಿಂಗ್ ಅಂತ ಇಟ್ಟು, ಅಲ್ಲಿಂದ ಈಚೆಗಿನ ಮಾರಾಟ ಮಾತ್ರ ಕಳೆದರೆ ಸಾಕು. ಹಾಗೆ ಮಾಡಿಸಿದರೆ ಇಂಡೆಕ್ಸ್‌ಗೆ ತಾರೀಕನ್ನೂ ಸೇರಿಸಬೇಕಾಗುತ್ತೆ, ಅದು ಅವರಿಗೆ ಗೊತ್ತಿರುತ್ತೆ.

ಚುರುಕು ಮಾಡೋಕೆ ಅಂತ ಹಳೇ ಬಿಲ್ ಅಳಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಲೇಬೇಡಿ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ನಿಮ್ಮ ನಾಲ್ಕು ವರ್ಷದ ಯಾವ ಬಿಲ್ಲಿಗೂ ಇನ್ನೂ ಆ ಗಡುವು ಮುಗಿದಿಲ್ಲ. ಅದೂ ಅಲ್ಲದೆ ನಿಮ್ಮ ಸಾಫ್ಟ್‌ವೇರ್ ಸ್ಟಾಕ್ ಲೆಕ್ಕ ಹಾಕೋದೇ ಹಳೇ ಸಾಲುಗಳಿಂದ. ಅಳಿಸಿದ ಮರುಗಳಿಗೆ ಎಲ್ಲ ಐಟಂನ ಸ್ಟಾಕೂ ಏರುಪೇರಾಗುತ್ತೆ.

ಕೊನೆಗೆ ಒಂದು ಎಚ್ಚರಿಕೆ. ಈ ಇಂಡೆಕ್ಸ್ ಸಾಫ್ಟ್‌ವೇರ್ ಕಂಪನಿ ಹಾಕಿದ್ದಲ್ಲ, ನಿಮ್ಮ ಅಂಗಡಿಯ ಕಂಪ್ಯೂಟರ್‌ನಲ್ಲಿ ಕೈಯಾರೆ ಹಾಕಿದ್ದು. ಬ್ಯಾಕಪ್ ತೆಗೆದರೆ ಇಂಡೆಕ್ಸ್‌ನ ವಿವರವೂ ಅದರ ಜೊತೆ ಹೋಗುತ್ತೆ, ಆದರೆ ಈ ಕೆಲಸಕ್ಕಿಂತ ಮುಂಚಿನ ಬ್ಯಾಕಪ್‌ನಲ್ಲಿ ಅದು ಇಲ್ಲ. ಹೊಸ ಕಂಪ್ಯೂಟರ್‌ಗೆ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿ ಹಳೇ ಡೇಟಾ ಮಾತ್ರ ತುಂಬಿಸಿದರೂ ಇರಲ್ಲ. ದೊಡ್ಡ ಅಪ್‌ಡೇಟ್ ಬಂದಾಗ ಟೇಬಲ್ ಹೊಸದಾಗಿ ಕಟ್ಟಿದರೂ ಹೋಗಬಹುದು. ಹಾಗಾಗಿ ಇವತ್ತೇ ಒಂದು ಹೊಸ ಬ್ಯಾಕಪ್ ಪೆನ್‌ಡ್ರೈವ್‌ಗೆ ತೆಗೆಸಿ. ಕಂಪ್ಯೂಟರ್ ಅಥವಾ ಸಾಫ್ಟ್‌ವೇರ್ ಮುಟ್ಟಿದ ಪ್ರತಿ ಸಲವೂ, ಮುಟ್ಟಿದವರು ಹೊರಡುವ ಮುಂಚೆ ನಿಮ್ಮೆದುರಿಗೇ ಇದನ್ನು ಓಡಿಸೋಕೆ ಹೇಳಿ:

```sql
SHOW INDEX FROM bill_items;
```

ಬರುವ ಪಟ್ಟಿಯಲ್ಲಿ idx_item_qty ಅನ್ನುವ ಹೆಸರು ಎರಡು ಸಾಲಿನಲ್ಲಿ ಇರಬೇಕು, ಒಂದು item_idಗೆ, ಇನ್ನೊಂದು qtyಗೆ. ಇಲ್ಲದಿದ್ದರೆ ಮೇಲಿನ CREATE INDEX ಸಾಲನ್ನೇ ಮತ್ತೆ ಕೊಡಿಸಿ, ಒಂದೆರಡು ನಿಮಿಷದ ಕೆಲಸ. ಅಂಗಡಿ ಬಾಗಿಲು ಹಾಕಿದ ಮೇಲೆ, ಯುಪಿಎಸ್ ಚಾರ್ಜ್ ಇರುವಾಗ ಮಾಡಿಸಿ. ಚೀಟಿಯನ್ನು ಕೌಂಟರ್ ಡ್ರಾಯರ್‌ನಲ್ಲಿ ಇಡುವ ಬದಲು ಫೋಟೋ ತೆಗೆದು, ಇನ್ನೊಂದು ಕೌಂಟರ್ ನೋಡಿಕೊಳ್ಳುವವರ ಫೋನಿಗೂ ಕಳಿಸಿಡಿ.